ದಿಕ್ಕು ಸರಿ, ದುಡ್ಡು ಖಾಲಿ

ಚಾಲಿ ಒಣಗಿಸಿ, ಸುಲಿದು, ಚೀಲ ಕಟ್ಟಿಟ್ಟ ಮೇಲೆ ವಾನಳ್ಳಿಯ ತೋಟಿಗನಿಗೆ ಒಂದು ಅನುಕೂಲವಿದೆ. ಶಿರಸಿಯ ಟೆಂಡರಿನಲ್ಲಿ ಇವತ್ತು ಬಿದ್ದ ದರ ಮನಸ್ಸಿಗೆ ಬರದಿದ್ದರೆ ಮಾರದೆ ಕೂರಬಹುದು. ಚೌತಿಗೆ ನೋಡೋಣ, ಆಗದಿದ್ದರೆ ದೀಪಾವಳಿಗೆ. ಹುಳ ಬೀಳದಂತೆ ನೋಡಿಕೊಂಡರೆ ಅಡಿಕೆ ಕಾಯುತ್ತದೆ. ಊಹೆ ತಪ್ಪಿದರೂ ಚೀಲ ಅಟ್ಟದ ಮೇಲೆ ಇದ್ದೇ ಇರುತ್ತದೆ. ಕಡಿಮೆ ದರಕ್ಕಾದರೂ ಹೋಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ದರದ ಮೇಲೆ ಕಣ್ಣಿಡುವ ಈ ವಿದ್ಯೆ ಹೊಸದೇನಲ್ಲ. ಶಿರಸಿಯ ತೋಟಗಾರ್ಸ್ ಸೊಸೈಟಿ ಹುಟ್ಟಿದ್ದೇ 1923ರಲ್ಲಿ.

ಈಗ ಅದೇ ಕಣ್ಣು ಮೊಬೈಲಿನ ಕೆಂಪು-ಹಸಿರು ಕಡ್ಡಿಗಳ ಮೇಲೆ ನೆಟ್ಟಿದೆ. ಫೈಬರ್ ಬಂತು, ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಹುಡುಗರು ಬಂದರು, ಡಿಮ್ಯಾಟ್ ಖಾತೆ ಫೋನಿನಲ್ಲೇ ತೆರೆಯುವಂತಾಯಿತು. ಮದುವೆ ಮನೆಯ ಪಂಕ್ತಿಯಲ್ಲೂ “ಭಾವಾ, ಇವತ್ತು ನಿಫ್ಟಿ ಮೇಲೆ ಹೋಗ್ತಡ” ಎಂಬ ಮಾತು ಕಿವಿಗೆ ಬೀಳುತ್ತದೆ. ಬೆಲೆಯ ದಿಕ್ಕು ಹಿಡಿಯುವುದು ಗೊತ್ತಿದ್ದರೆ ಸಾಕು ಎಂಬ ನಂಬಿಕೆ ಈ ಮಾತಿನ ಹಿಂದಿದೆ. ನನ್ನ ತಕರಾರು ಈ ನಂಬಿಕೆಯ ಮೇಲೆಯೇ. ಆಪ್ಷನ್ ಮತ್ತು ಇಂಟ್ರಾಡೇಯಲ್ಲಿ ಬಹುಪಾಲು ಜನ ಸೋಲುವುದು ದಿಕ್ಕು ತಪ್ಪಿದ್ದರಿಂದ ಮಾತ್ರವಲ್ಲ. ದಿಕ್ಕು ಸರಿಯಿದ್ದ ದಿನವೂ ಅವರು ಸೋಲುತ್ತಾರೆ.

ಸೋಲುವವರ ಪ್ರಮಾಣ ಎಷ್ಟೆಂಬ ಬಗ್ಗೆ ಈಗ ವಾದಕ್ಕೆ ಜಾಗವಿಲ್ಲ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವು ಹಿಂದಿನ ಮೂರು ಹಣಕಾಸು ವರ್ಷಗಳ ಲೆಕ್ಕ ತೆಗೆದಿತ್ತು. ಫ್ಯೂಚರ್ಸ್ ಮತ್ತು ಆಪ್ಷನ್‌ನಲ್ಲಿ ಕೈಯಾಡಿಸಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಖರ್ಚೂ ಸೇರಿ ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. ಮುಕ್ಕಾಲಿಗೂ ಹೆಚ್ಚು ಮಂದಿ ತಮ್ಮ ವಾರ್ಷಿಕ ವರಮಾನ 5 ಲಕ್ಷಕ್ಕಿಂತ ಕಡಿಮೆ ಎಂದು ಬರೆಸಿದವರು. ನಿಯಮ ಬಿಗಿಯಾದ ಮೇಲೂ 2024-25ರಲ್ಲಿ ನೂರಕ್ಕೆ 91 ಮಂದಿ ಸೋತರು. ಆ ಒಂದೇ ವರ್ಷದ ಒಟ್ಟು ಹಾನಿ ಒಂದು ಲಕ್ಷ ಕೋಟಿ ದಾಟಿತು.

ಹೀಗೇಕೆ ಎಂದು ತಿಳಿಯಲು ಆಪ್ಷನ್ ಎಂಬ ಸರಕನ್ನು ಬಿಚ್ಚಿ ನೋಡಬೇಕು. ಚಾಲಿ ಕ್ವಿಂಟಲಿಗೆ 40,000 ಇದೆ ಎಂದುಕೊಳ್ಳಿ. ಒಬ್ಬ ವ್ಯಾಪಾರಿ ಬಂದು, “ದೀಪಾವಳಿಯ ದಿನ ದರ ಎಷ್ಟೇ ಇರಲಿ, ನನಗೆ ಬೇಕೆನಿಸಿದರೆ 40,000ಕ್ಕೇ ಕೊಡಬೇಕು. ಆ ಹಕ್ಕಿಗೆ ಕ್ವಿಂಟಲಿಗೆ 1,500 ಈಗಲೇ ಇಟ್ಟುಕೊಳ್ಳಿ, ನಾನು ಬರದಿದ್ದರೆ ಅದು ನಿಮ್ಮದೇ” ಎನ್ನುತ್ತಾನೆ. ಅವನು ಕೊಂಡಿದ್ದು ಕಾಲ್ ಆಪ್ಷನ್. ಆ 1,500 ಪ್ರೀಮಿಯಂ. ದೀಪಾವಳಿಗೆ ದರ 41,000 ಆಯಿತು ಎನ್ನಿ. ದರ ಏರುತ್ತದೆ ಎಂಬ ಅವನ ಮಾತು ನಿಜವಾಯಿತು, ಆದರೂ ಅವನಿಗೆ 500 ಲುಕ್ಸಾನು. 41,500 ದಾಟಿದ ಮೇಲಷ್ಟೇ ಅವನಿಗೆ ಲಾಭ. ಅವನಿಗೆ ದರ ಏರಿದರಷ್ಟೇ ಸಾಲದು, ಇಂತಿಷ್ಟು ಏರಬೇಕು, ಇಂಥ ದಿನದೊಳಗೆ ಏರಬೇಕು. ದೀಪಾವಳಿಯ ಮಾರನೆಯ ದಿನ 45,000 ಆದರೆ ಅವನಿಗೇನೂ ಇಲ್ಲ. ಅಡಿಕೆ ಇಟ್ಟುಕೊಂಡ ನೀವು ಮಾತ್ರ ಇನ್ನೂ ಕಾಯಬಲ್ಲಿರಿ.

ಇಂಥ ಕರಾರು ಮೂಲದಲ್ಲಿ ಕೆಟ್ಟದ್ದಲ್ಲ. ಕೈಯಲ್ಲಿ ಸರಕಿರುವವನಿಗೆ ಬೆಲೆ ಕುಸಿತದಿಂದ ರಕ್ಷಣೆ ಬೇಕಾಗುತ್ತದೆ. ನಮ್ಮ ಕಾಳುಮೆಣಸಿಗೆ ಕೊಚ್ಚಿಯಲ್ಲಿ ದಶಕಗಳ ಕಾಲ ವಾಯಿದೆ ಪೇಟೆ ನಡೆದಿದ್ದು ಆ ಉದ್ದೇಶಕ್ಕೇ. ಆದರೆ ವಾರದ ನಿಫ್ಟಿ ಆಪ್ಷನ್ ಕೊಳ್ಳುವ ಹುಡುಗನ ಬಳಿ ರಕ್ಷಿಸಿಕೊಳ್ಳಬೇಕಾದ ಸರಕೇ ಇರುವುದಿಲ್ಲ.

ಈಗ ನಿಜವಾದ ಪೇಟೆಯ ಅಳತೆಯಲ್ಲೇ ಒಂದು ವ್ಯವಹಾರ ನೋಡೋಣ. ವ್ಯಕ್ತಿ ಕಾಲ್ಪನಿಕ, ಲೆಕ್ಕ 2025ರ ಕೊನೆಯದು. ಆಗ ನಿಫ್ಟಿಯ ಒಂದು ಲಾಟ್ ಎಂದರೆ 75, ವಾರದ ಗಡುವು ಮಂಗಳವಾರ. ಶುಕ್ರವಾರ ನಿಫ್ಟಿ 25,000ದಲ್ಲಿದೆ. ಮುಂದಿನ ವಾರ ಏರುತ್ತದೆ ಎಂದು ನಮ್ಮ ಹುಡುಗನ ಅಂದಾಜು. 25,000ದ ಕಾಲ್ 130 ರೂಪಾಯಿಗೆ ಸಿಗುತ್ತದೆ, ಒಂದು ಲಾಟಿಗೆ 9,750 ತೆರುತ್ತಾನೆ. ಶನಿವಾರ, ಭಾನುವಾರ ಪೇಟೆ ಇಲ್ಲ, ಆದರೆ ಗಡುವು ಹತ್ತಿರವಾಗುತ್ತಲೇ ಇರುತ್ತದೆ. ಸೋಮವಾರ ನಿಫ್ಟಿ 50 ಅಂಶ ಏರಿ 25,050ಕ್ಕೆ ನಿಲ್ಲುತ್ತದೆ. ಖುಷಿಯಿಂದ ಫೋನ್ ತೆರೆದರೆ ಆಪ್ಷನ್ ದರ ಹೆಚ್ಚುಕಡಿಮೆ 90! ಪೇಟೆಯ ಏರಿಳಿತದ ನಿರೀಕ್ಷೆ ವರ್ಷಕ್ಕೆ ಶೇ. 12ರಷ್ಟು ಇದ್ದಾಗ ಲೆಕ್ಕ ಹೀಗೇ ಬರುತ್ತದೆ. ಅವನು ಕೊಟ್ಟ 130ರಲ್ಲಿ ಇದ್ದದ್ದು ಪೂರ್ತಿ ಕಾಲದ ಬೆಲೆ. ನಾಲ್ಕು ದಿನ ಒಂದು ದಿನವಾಗುವಾಗ ಆ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಗಡುವು ಸಮೀಪಿಸಿದಷ್ಟೂ ಕರಗುವ ವೇಗ ಹೆಚ್ಚು. ಮಂಗಳವಾರ ನಿಫ್ಟಿ 25,090ಕ್ಕೆ ಮುಗಿಯುತ್ತದೆ. ಆಪ್ಷನ್ನಿನ ಬೆಲೆ ಈಗ ಬರೀ ಆ 90. ಕೈಗೆ ಬಂದದ್ದು 6,750. ನಿಫ್ಟಿ ಮೂರು ವಹಿವಾಟಿನ ದಿನಗಳಲ್ಲಿ 90 ಅಂಶ ಏರಿದೆ, ಅವನು ಹೇಳಿದ್ದೇ ಆಗಿದೆ, ಅವನ 3,000 ರೂಪಾಯಿ ಹೋಗಿದೆ.

ಇಲ್ಲಿಗೆ ಮುಗಿದರೆ ಒಂದು ಪಾಠವಾದೀತು. ಆದರೆ ಸೋಮವಾರ ಸಂಜೆಗೇ ಅವನು ಇನ್ನೊಂದು ದಾರಿ ನೋಡಿರುತ್ತಾನೆ. 25,300ರ ಕಾಲ್ ಆಗ ಎರಡು ರೂಪಾಯಿಗೆ ಬಿದ್ದಿರುತ್ತದೆ. ಒಂದು ಲಾಟಿಗೆ 150 ಮಾತ್ರ, ಹತ್ತು ಲಾಟ್ ಕೊಂಡರೂ 1,500. ಹೀರೋ ಇಲ್ಲವೇ ಝೀರೋ ಎಂದು ಇದಕ್ಕೆ ಹೆಸರೇ ಇದೆ. ಅಗ್ಗವಾಗಿದೆ ಎಂದು ಕೊಳ್ಳುತ್ತಾರೆ. ಅದು ಅಗ್ಗವಲ್ಲ, ಒಂದೇ ದಿನದಲ್ಲಿ 250 ಅಂಶ ಏರುವುದು ಅಷ್ಟು ಅಪರೂಪ ಎಂಬುದನ್ನೇ ಆ ಎರಡು ರೂಪಾಯಿ ಹೇಳುತ್ತಿದೆ.

ಇನ್ನು ಖರ್ಚು. ಇದನ್ನು ಯಾರೂ ಗಮನಿಸುವುದಿಲ್ಲ, ಪರದೆಯ ಮೇಲೆ ಅದು ದೊಡ್ಡದಾಗಿ ಕಾಣುವುದೂ ಇಲ್ಲ. 2025ರ ಕೊನೆಯ ಲೆಕ್ಕದಲ್ಲೇ 100 ರೂಪಾಯಿ ಪ್ರೀಮಿಯಂನ ಒಂದು ಲಾಟ್ ಕೊಂಡು ಅದೇ ದರಕ್ಕೆ ಮಾರಿದರೆ ಏನಾಗುತ್ತದೆ? ಹೆಸರಾಂತ ಡಿಸ್ಕೌಂಟ್ ಬ್ರೋಕರ್‌ಗಳ ದಲಾಲಿ ಒಂದು ಆರ್ಡರಿಗೆ 20ರಂತೆ 40 ರೂಪಾಯಿ. ಮಾರುವಾಗಿನ ವಹಿವಾಟು ತೆರಿಗೆ ಏಳೂವರೆ. ಎಕ್ಸ್‌ಚೇಂಜ್ ಶುಲ್ಕ ಐದು ಚಿಲ್ಲರೆ. ದಲಾಲಿ ಮತ್ತು ಶುಲ್ಕದ ಮೇಲೆ ಜಿಎಸ್‌ಟಿ ಎಂಟು. ಸ್ಟಾಂಪ್ ಸೇರಿ ಒಟ್ಟು 61 ರೂಪಾಯಿ ಆಸುಪಾಸು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರವನ್ನು ನಾನು ಸೇರಿಸಿಲ್ಲ. ಒಂದು ಸಲಕ್ಕೆ 61 ಏನು ಮಹಾ ಎನ್ನಿಸಬಹುದು. ದಿನಕ್ಕೆ ನಾಲ್ಕು ಸಲ, ತಿಂಗಳಿಗೆ ಇಪ್ಪತ್ತು ದಿನ ಎಂದರೆ 4,880. ಬಂಡವಾಳ 50,000 ಇದ್ದವನಿಗೆ ಇದು ತಿಂಗಳಿಗೆ ಶೇ. 10ರ ಹತ್ತಿರ. ಗೆಲುವೂ ಸೋಲೂ ಸರಿಸಮವಾದರೂ ಹತ್ತು-ಹನ್ನೊಂದು ತಿಂಗಳಲ್ಲಿ ಬಂಡವಾಳವೇ ಶುಲ್ಕಕ್ಕೆ ಸಂದುಹೋಗುತ್ತದೆ. ತಿಂಗಳಿಗೆ ಶೇ. 10 ಗಳಿಸಿದರೆ ಮಾತ್ರ ಅವನು ನಿಂತಲ್ಲೇ ನಿಲ್ಲುತ್ತಾನೆ. ಅಂಥ ಗಳಿಕೆಯನ್ನು ಸತತವಾಗಿ ತೆಗೆಯುವವರು ಜಗತ್ತಿನಲ್ಲೇ ಬೆರಳೆಣಿಕೆ. 2024ರ ಅಕ್ಟೋಬರಿನಲ್ಲಿ ಈ ವಹಿವಾಟು ತೆರಿಗೆ ಏರಿದ್ದೂ ಗೆದ್ದವನಿಗೂ ಸೋತವನಿಗೂ ಒಂದೇ ಸಮ ತಟ್ಟಿದೆ.

ಎದುರಿಗೆ ಯಾರಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ಷೇರು ಕೊಂಡಿಟ್ಟರೆ ಕಂಪನಿ ಬೆಳೆದಂತೆ ಎಲ್ಲ ಷೇರುದಾರರೂ ಒಟ್ಟಿಗೇ ಲಾಭ ಕಾಣಬಹುದು. ಆಪ್ಷನ್‌ನಲ್ಲಿ ಹಾಗಿಲ್ಲ, ಒಬ್ಬನಿಗೆ ಬಂದ ಪ್ರತಿ ರೂಪಾಯಿಯೂ ಇನ್ನೊಬ್ಬನ ಕಿಸೆಯಿಂದಲೇ ಬರಬೇಕು. ಸೆಬಿಯ ಅದೇ ಅಧ್ಯಯನದ ಪ್ರಕಾರ 2023-24ರಲ್ಲಿ ಬಿಡಿ ವ್ಯಾಪಾರಿಗಳು ಮತ್ತಿತರರು ಖರ್ಚು ಬಿಟ್ಟೇ 61,000 ಕೋಟಿ ಕಳೆದುಕೊಂಡರೆ, ಸ್ವಂತ ಖಾತೆಯಲ್ಲಿ ವ್ಯವಹರಿಸುವ ಸಂಸ್ಥೆಗಳು 33,000 ಕೋಟಿ, ವಿದೇಶಿ ಹೂಡಿಕೆದಾರರು 28,000 ಕೋಟಿ ಗಳಿಸಿದ್ದರು. ಕೂಡಿಸಿ ನೋಡಿ, ಅದೇ 61,000 ಕೋಟಿ. ಅವರ ಲಾಭದಲ್ಲಿ ನೂರಕ್ಕೆ 96-97 ಪಾಲು ಬಂದದ್ದು ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ಅಲ್ಗೋ ವ್ಯವಹಾರದಿಂದ. ಅವರ ಯಂತ್ರಗಳು ಎಕ್ಸ್‌ಚೇಂಜಿನ ಕಟ್ಟಡದಲ್ಲೇ ಕುಳಿತಿರುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ, ನೆಟ್‌ವರ್ಕಿಗಾಗಿ ಮನೆ ಹಿಂದಿನ ದಿಬ್ಬ ಹತ್ತುವ ಊರಿನಿಂದ ಅವರೆದುರು ವೇಗದಲ್ಲಿ ಸ್ಪರ್ಧಿಸುವ ಮಾತೇ ಇಲ್ಲ.

ಪೇಟೆಯನ್ನೇ ಅಲುಗಾಡಿಸುವ ಶಕ್ತಿಯೂ ಕೆಲವರಿಗೆ ಇರಬಹುದು. 2025ರ ಜುಲೈ 3ರಂದು ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಸಮೂಹದ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿ 4,843 ಕೋಟಿ ರೂಪಾಯಿ ತಡೆಹಿಡಿಯಿತು. 2024ರ ಜನವರಿ 17ರ ಬೆಳಿಗ್ಗೆ ಆ ಸಮೂಹ ಬ್ಯಾಂಕ್ ನಿಫ್ಟಿಯ ಷೇರು ಮತ್ತು ಫ್ಯೂಚರ್ಸ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡು ಸೂಚ್ಯಂಕವನ್ನು ಎತ್ತಿ ಹಿಡಿಯಿತು, ಜೊತೆಗೇ ಅದರ ಹಲವು ಪಟ್ಟು ದೊಡ್ಡದಾಗಿ ಆಪ್ಷನ್‌ನಲ್ಲಿ ಇಳಿಕೆಯ ಮೇಲೆ ಹಣ ಕಟ್ಟಿತು, ಮಧ್ಯಾಹ್ನ ಕೊಂಡದ್ದನ್ನೆಲ್ಲ ಮಾರಿತು, ಒಂದೇ ದಿನ ಸುಮಾರು 735 ಕೋಟಿ ಗಳಿಸಿತು ಎಂಬುದು ಸೆಬಿಯ ಆರೋಪ. ಸಂಸ್ಥೆ ಇದನ್ನು ಅಲ್ಲಗಳೆದು ಮೇಲ್ಮನವಿ ಹೋಗಿದೆ. ತೀರ್ಪು ಏನೇ ಬರಲಿ, ಆ ಬೆಳಿಗ್ಗೆ ಸೂಚ್ಯಂಕ ಏರುತ್ತಿರುವುದನ್ನು ಕಂಡು ಕಾಲ್ ಕೊಂಡವರ ಚಾರ್ಟಿನಲ್ಲಿ ಈ ವಿಷಯ ಬರೆದಿರಲಿಲ್ಲ.

ಹಾಗಾದರೆ ಕೊಳ್ಳುವುದು ಬೇಡ, ಮಾರುತ್ತೇನೆ, ಕಾಲ ಕರಗುವ ಲಾಭ ನನಗೇ ಬರಲಿ ಎನ್ನುವ ಜಾಣರಿದ್ದಾರೆ. ಲಕ್ಷಕ್ಕೂ ಮೇಲ್ಪಟ್ಟ ಮಾರ್ಜಿನ್ ಇಟ್ಟು ಆಪ್ಷನ್ ಮಾರಿದರೆ ಹತ್ತರಲ್ಲಿ ಏಳೆಂಟು ವಾರ ಸಣ್ಣ ಲಾಭ ಬರುವುದು ಹೌದು. ಆಪತ್ತು ಉಳಿದ ವಾರಗಳಲ್ಲಿ ಇದೆ. 2024ರ ಜೂನ್ 3ರಂದು ಮತಗಟ್ಟೆ ಸಮೀಕ್ಷೆಗಳ ಹುಮ್ಮಸ್ಸಿನಲ್ಲಿ ನಿಫ್ಟಿ ಶೇ. 3ಕ್ಕೂ ಹೆಚ್ಚು ಏರಿತು. ಮಾರನೆಯ ದಿನ ಎಣಿಕೆ ನಡೆಯುತ್ತಿದ್ದಂತೆ 1,379 ಅಂಶ, ಅಂದರೆ ಶೇ. 6ರ ಹತ್ತಿರ ಕುಸಿಯಿತು. ಮೊದಲ ದಿನ ಕಾಲ್ ಮಾರಿದವನೂ ಎರಡನೆಯ ದಿನ, ಬೆಲೆ ಇಳಿದರೆ ಫಲಿಸುವ ಪುಟ್ ಮಾರಿದವನೂ ಹಲವು ತಿಂಗಳ ಗಳಿಕೆಯನ್ನು ಗಂಟೆಗಳಲ್ಲಿ ಕಳೆದುಕೊಳ್ಳುವಂಥ ದಿನಗಳು ಅವು. ಕೊಂಡವನ ಹಾನಿ ಕೊಟ್ಟ ಪ್ರೀಮಿಯಂಗೆ ನಿಲ್ಲುತ್ತದೆ, ಮಾರಿದವನ ಹಾನಿಗೆ ಅಂಥ ಕಟ್ಟೆ ಇಲ್ಲ.

ಷೇರಿನ ಇಂಟ್ರಾಡೇ ಇದಕ್ಕಿಂತ ಸ್ವಲ್ಪ ಸೌಮ್ಯ, ಅಷ್ಟೇ. ಸೆಬಿಯ ಇನ್ನೊಂದು ಅಧ್ಯಯನದಂತೆ 2022-23ರಲ್ಲಿ ಹತ್ತರಲ್ಲಿ ಏಳು ಮಂದಿ ಸೋತರು. ವರ್ಷಕ್ಕೆ 500ಕ್ಕಿಂತ ಹೆಚ್ಚು ವ್ಯವಹಾರ ಮಾಡಿದವರಲ್ಲಿ ಹತ್ತಕ್ಕೆ ಎಂಟು. ಇಲ್ಲಿ ಕಾಲ ಕರಗುವುದಿಲ್ಲ, ಆದರೆ ಐದು ಪಟ್ಟಿನ ತನಕ ಸಾಲದ ಬಲ ಸಿಗುತ್ತದೆ, ಮಧ್ಯಾಹ್ನ ಮೂರು ಕಾಲರ ಹೊತ್ತಿಗೆ ಬ್ರೋಕರ್ ತಾನಾಗಿಯೇ ವ್ಯವಹಾರ ಮುಗಿಸುತ್ತಾನೆ. ಐದು ಪಟ್ಟು ತೆಗೆದುಕೊಂಡವನಿಗೆ ಷೇರು ಶೇ. 2 ಇಳಿದರೆ ಸ್ವಂತ ಹಣದಲ್ಲಿ ಶೇ. 10 ಮಾಯ, ಕಾಯುವ ಅವಕಾಶವೂ ಇಲ್ಲ.

ಅನುಭವ ಬಂದಂತೆ ಕೈ ಕುದುರುತ್ತದೆ ಎಂಬ ವಾದವೊಂದು ಉಳಿಯುತ್ತದೆ. ತೋಟದಲ್ಲಿ ಅದು ನಿಜ. ಇಲ್ಲಿ? ಬ್ರೆಜಿಲ್‌ನಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಸೂಚ್ಯಂಕ ಫ್ಯೂಚರ್ಸ್‌ನ ದಿನವಹಿ ವ್ಯಾಪಾರಿಗಳನ್ನು ಹಿಂಬಾಲಿಸಿ ನೋಡಿದರು. 300 ದಿನಕ್ಕೂ ಹೆಚ್ಚು ಕಾಲ ಬಿಡದೆ ಆಡಿದವರಲ್ಲಿ ನೂರಕ್ಕೆ 97 ಮಂದಿ ಕಳೆದುಕೊಂಡಿದ್ದರು, ಅಲ್ಲಿನ ಕನಿಷ್ಠ ಕೂಲಿಗಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. ಕಲಿಸುವ ಗುರುಗಳ ವಿಚಾರ ಹೇಳುವುದಾದರೆ, 2025ರ ಜನವರಿಯಿಂದ ಸೆಬಿ ನಿಯಮದ ಪ್ರಕಾರ ಷೇರು ಶಿಕ್ಷಣ ಕೊಡುವವರು ಪಾಠಕ್ಕೆ ತೀರಾ ಇತ್ತೀಚಿನ ದರಗಳನ್ನು ಬಳಸುವಂತಿಲ್ಲ. ತರಗತಿಯ ಹೆಸರಿನಲ್ಲಿ ಇವತ್ತಿನ ದರ ತೋರಿಸಿ ಕಾಲ್ ಕೊಡುವವರು ಆ ನಿಯಮ ಮೀರುತ್ತಿದ್ದಾರೆ ಎಂದೇ ಅರ್ಥ.

ನಮ್ಮ ಕಡೆಗೆ ವಿಶೇಷವಾಗಿ ಅನ್ವಯಿಸುವ ಎರಡು ಸಂಗತಿಗಳಿವೆ. ಸಹಕಾರಿ ಸಂಘದಲ್ಲಿ 5 ಲಕ್ಷದ ತನಕ ಶೂನ್ಯ ಬಡ್ಡಿಯ ಬೆಳೆಸಾಲ ಸಿಗುತ್ತದೆ. ಆ ಹಣವನ್ನು “ಸ್ವಲ್ಪ ದಿನ ತಿರುಗಿಸುವ” ಆಸೆ ಸುಲಭವಾಗಿ ಬರುತ್ತದೆ. ಗಡುವಿಗೆ ಕಟ್ಟದಿದ್ದರೆ ಬಡ್ಡಿ ರಿಯಾಯಿತಿಯೇ ಹೋಗುತ್ತದೆ, ಮುಂದಿನ ವರ್ಷದ ಸಾಲಕ್ಕೂ ತೊಡಕು. ಇನ್ನೊಂದು ತೆರಿಗೆ. ಅಡಿಕೆಯ ವರಮಾನಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ ಹಾಕುವ ರೂಢಿ ಅನೇಕರಿಗಿಲ್ಲ. ಆದರೆ ಆಪ್ಷನ್ ಲಾಭ ವ್ಯಾಪಾರದ ವರಮಾನ, ಅದಕ್ಕೆ ತೆರಿಗೆ ಉಂಟು. ಹಾನಿಯನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಇಂಟ್ರಾಡೇ ಹಾನಿಯನ್ನು ನಾಲ್ಕು ವರ್ಷ. ಅದೂ ಗಡುವಿನೊಳಗೆ ರಿಟರ್ನ್ ಹಾಕಿದ್ದರೆ. ರಿಟರ್ನ್ ಹಾಕದ ತೋಟಿಗನಿಗೆ ಹಾನಿ ಬರೀ ಹಾನಿಯೇ.

ಇನ್ನು ನೆಮ್ಮದಿಯ ದಾರಿಗಳು. ಪ್ರತಿ ತಿಂಗಳು ಎಸ್‌ಐಪಿ ಕಟ್ಟಿ ಎಂಬ ಸಲಹೆ ಸಂಬಳದವರಿಗೆ ಹೊಂದುತ್ತದೆ, ವರ್ಷಕ್ಕೊಮ್ಮೆ ದುಡ್ಡು ಕಾಣುವ ನಮಗೆ ಹಾಗೇ ಹೊಂದುವುದಿಲ್ಲ. ಏಪ್ರಿಲಿನಲ್ಲಿ ಅಡಿಕೆ ಮಾರಿ 6 ಲಕ್ಷ ಬಂತು ಎನ್ನಿ. ಮನೆ ಖರ್ಚು, ಬೆಳೆಸಾಲದ ಮರುಪಾವತಿ, ಜೂನಿನ ಮದ್ದು ಹೊಡೆತ, ಕೊನೆ ಕೊಯ್ಲಿನ ಕೂಲಿ ಇವುಗಳ ಬಾಬ್ತು ಮೊದಲು ಎತ್ತಿಡಬೇಕು. ಕೊಳೆ ಬಂದು ಫಸಲು ಕೈಕೊಟ್ಟ ವರ್ಷಕ್ಕೆಂದು ಇನ್ನೊಂದು ಪಾಲು ಠೇವಣಿಯಲ್ಲಿರಲಿ. ಇಲ್ಲೊಂದು ಮಾತು: ಜಿಲ್ಲಾ ಸಹಕಾರಿ ಬ್ಯಾಂಕು ಮತ್ತು ಪಟ್ಟಣ ಸಹಕಾರಿ ಬ್ಯಾಂಕುಗಳ ಠೇವಣಿಗೆ ಡಿಐಸಿಜಿಸಿಯ 5 ಲಕ್ಷದ ವಿಮೆ ಇದೆ, ಊರಿನ ಸೇವಾ ಸಹಕಾರಿ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಸಂಘ ಎಷ್ಟೇ ಚೆನ್ನಾಗಿದ್ದರೂ ಪೂರಾ ಗಂಟು ಒಂದೇ ಕಡೆ ಬೇಡ.

ಇಷ್ಟೆಲ್ಲ ಆಗಿ ಒಂದು ಲಕ್ಷ ಉಳಿದರೆ ಅದನ್ನು ಲಿಕ್ವಿಡ್ ಫಂಡಿನಲ್ಲಿಟ್ಟು, ಅಲ್ಲಿಂದ ತಿಂಗಳಿಗೆ ಎಂಟು ಸಾವಿರದಂತೆ ನಿಫ್ಟಿ 50ರ ಇಂಡೆಕ್ಸ್ ಫಂಡಿಗೆ ತಾನಾಗಿ ಹೋಗುವಂತೆ ಮಾಡಬಹುದು. ಇದಕ್ಕೆ ಎಸ್‌ಟಿಪಿ ಎನ್ನುತ್ತಾರೆ, ಒಂದು ಸಲ ಬರೆದುಕೊಟ್ಟರೆ ಸಾಕು. ಡೈರೆಕ್ಟ್ ಪ್ಲಾನಿನಲ್ಲಿ ಒಂದು ಲಕ್ಷಕ್ಕೆ ವರ್ಷದ ಖರ್ಚು 200-300 ರೂಪಾಯಿ. ಆಪ್ಷನ್ ಹುಡುಗ ತಿಂಗಳಿಗೆ ತೆತ್ತ 4,880ರ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಇದರಲ್ಲೂ ಅಪಾಯ ಇಲ್ಲ ಎನ್ನಲಾರೆ. 2008ರಲ್ಲಿ ಸೂಚ್ಯಂಕ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು, 2020ರ ಮಾರ್ಚಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಏಳೆಂಟು ವರ್ಷ ಮುಟ್ಟಬೇಕಾಗದ ಹಣಕ್ಕೆ ಮಾತ್ರ ಇದು ಸರಿ. ಮಗಳ ಮದುವೆ ಮುಂದಿನ ವರ್ಷವಿದ್ದರೆ ಬೇಡ. ಆದರೆ ಇಲ್ಲಿ ಮಂಗಳವಾರದ ಗಡುವಿಲ್ಲ, ಬಿದ್ದಾಗ ಚಾಲಿಯಂತೆ ಇಟ್ಟುಕೊಂಡು ಕೂರಬಹುದು. ಏರಿಳಿತವೇ ಬೇಡವೆನ್ನುವವರಿಗೆ ಅಂಚೆ ಕಚೇರಿಯ ಪಿಪಿಎಫ್ ಇದೆ. ವರ್ಷಕ್ಕೆ ಒಂದೂವರೆ ಲಕ್ಷದ ತನಕ ಕಟ್ಟಬಹುದು, ಬಡ್ಡಿ 2020ರಿಂದ ಶೇ. 7.1.

ಈಗಾಗಲೇ ಸುಳಿಯಲ್ಲಿರುವವರಿಗೆ ಇಂಡೆಕ್ಸ್ ಫಂಡಿನ ಉಪದೇಶ ರುಚಿಸುವುದಿಲ್ಲ. ಸೆಬಿ ಲೆಕ್ಕದಲ್ಲಿ ಸತತ ಸೋತವರಲ್ಲೂ ಮುಕ್ಕಾಲು ಪಾಲು ಮಂದಿ ಆಟ ಮುಂದುವರಿಸಿದ್ದರು. ಅವರು ಮಾಡಬೇಕಾದ ಮೊದಲ ಕೆಲಸ, ತಮ್ಮ ಬ್ರೋಕರ್ ಖಾತೆಯಲ್ಲಿ ಎಫ್ ಅಂಡ್ ಓ ವಿಭಾಗವನ್ನು ನಿಷ್ಕ್ರಿಯಗೊಳಿಸಲು ಕೋರಿಕೆ ಹಾಕುವುದು. ಇಟ್ಟುಕೊಂಡ ಷೇರು, ಫಂಡುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಆನ್‌ಲೈನ್ ವ್ಯವಹಾರವನ್ನೇ ಸ್ವಇಚ್ಛೆಯಿಂದ ತಡೆಹಿಡಿಸುವ ಸೌಲಭ್ಯವನ್ನೂ 2024ರಿಂದ ಬ್ರೋಕರ್‌ಗಳು ಕೊಡಲೇಬೇಕು. ಎರಡನೆಯದು, ಖಾತೆಯ ಲಾಭ-ಹಾನಿ ಪಟ್ಟಿಯನ್ನು ಶುಲ್ಕ ಸಮೇತ ಇಳಿಸಿಕೊಂಡು ಮನೆಯವರೊಬ್ಬರ ಎದುರು ಇಡುವುದು. ಅದೂ ಆಗದಷ್ಟು ಚಟ ಹಿಡಿದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಚಟಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.